ಹಿಂಬಾಗಿಲ ಮೇಲಿನ ಹತ್ತು ಅಂಕಿ

ವಿಜಯನಗರದಲ್ಲಿರುವ ನಮ್ಮ ಅಕ್ಕ, ಭಾವ ದೋಸೆ ಹಿಟ್ಟಿನ ವ್ಯಾಪಾರ ಮಾಡುತ್ತಾರೆ. ರಾತ್ರಿ ರುಬ್ಬಿ ಪ್ಯಾಕೆಟ್ ಮಾಡಿದ್ದು ಬೆಳಿಗ್ಗೆ ಆರು ಗಂಟೆಗೆಲ್ಲ ಲಗೇಜ್ ಆಟೊ ಹತ್ತಿ ಅಂಗಡಿಗಳಿಗೆ ಹೊರಡುತ್ತದೆ. ಈ ಆಟೊ ಹೊಸದು. ಹಿಂದೆ ಡಬ್ಬಿಯಂಥ ಬಾಡಿ ಕಟ್ಟಿಸಿ, ಮೈತುಂಬ ಸ್ಟಿಕರ್ ಹಾಕಿಸಿದ್ದಾರೆ. ಊರೆಲ್ಲ ಸುತ್ತುವ ಗಾಡಿಯೇ ಬೋರ್ಡ್ ಆದರೆ ಪ್ರತ್ಯೇಕ ಜಾಹೀರಾತಿಗೆ ದುಡ್ಡು ಸುರಿಯಬೇಕಾಗಿಲ್ಲ ಎಂಬುದು ಭಾವನ ಲೆಕ್ಕ. ಮೂರು ತಿಂಗಳಲ್ಲಿ ಗಾಡಿ ನೋಡಿ ಫೋನ್ ಮಾಡಿದವರು ಇಬ್ಬರು. ಅವರಲ್ಲಿ ಒಬ್ಬರು, ‘ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿದ್ದೀರಲ್ರೀ’ ಎಂದು ಬೈಯಲು ಮಾಡಿದ್ದು.

‘ಇಷ್ಟು ದೊಡ್ಡದಾಗಿ ಬರೆಸಿದ್ದೀವಿ, ಜನಕ್ಕೆ ಕಣ್ಣಿಲ್ವೇನೋ’ ಎಂದು ಅಕ್ಕ ಕೇಳಿದಳು. ಬೈದ ಮನುಷ್ಯನಿಗೆ ನಂಬರು ಕಂಡಿತ್ತು, ಏಕೆಂದರೆ ಗಾಡಿ ಅವರ ಗೇಟಿನ ಮುಂದೆ ನಿಂತಿತ್ತು. ಓಡುವಾಗ ಯಾರಿಗೂ ಕಂಡಿರಲಿಲ್ಲ. ಒಂದು ಭಾನುವಾರ ನಾನು ಸ್ಕೂಟರ್‌ನಲ್ಲಿ ಆ ಆಟೊದ ಹಿಂದೆಯೇ ಮಾಗಡಿ ರಸ್ತೆಯವರೆಗೆ ಹೋದೆ. ನಂಬರು ಗೊತ್ತಿರುವ ನನಗೇ ಅದನ್ನು ಓದಲಾಗಲಿಲ್ಲ.

ಹಿಂಬಾಗಿಲಿನ ಮೇಲೆ ಏನೇನಿತ್ತು ಎಂದು ಹೇಳಬೇಕು. ಮೇಲ್ಗಡೆ ಕಮಾನಿನ ಹಾಗೆ ಬಾಗಿದ ಕೆಂಪು ಅಕ್ಷರಗಳಲ್ಲಿ ‘ಶ್ರೀ ಲಕ್ಷ್ಮೀವೆಂಕಟೇಶ್ವರ ಫುಡ್ ಪ್ರಾಡಕ್ಟ್ಸ್’, ಅದಕ್ಕೊಂದು ಹಳದಿ ಅಂಚು, ಅಂಚಿಗೊಂದು ಕಪ್ಪು ನೆರಳು. ನಡುವೆ ಚಟ್ನಿ ಸಮೇತ ಮಸಾಲೆ ದೋಸೆಯ ಫೋಟೊ. ಪಕ್ಕದಲ್ಲಿ ಐದು ಬಗೆಯ ಹಿಟ್ಟಿನ ಪಟ್ಟಿ. ಕೆಳಗೆ ಪೂರ್ತಿ ವಿಳಾಸ, ಎರಡು ಮೊಬೈಲ್ ನಂಬರು, ಒಂದು ಇ-ಮೇಲ್, ಜೊತೆಗೆ ಆಹಾರ ಪರವಾನಗಿಯ 14 ಅಂಕಿಗಳ ನಂಬರು. ಪರವಾನಗಿ ನಂಬರು ಇರಬೇಕಾದದ್ದು ಪ್ಯಾಕೆಟ್ಟಿನ ಮೇಲೆ. ಗಾಡಿಯ ಬೆನ್ನ ಮೇಲೆ ಅದು ಫೋನ್ ನಂಬರಿನ ಪಕ್ಕ ಕೂತು ಗೊಂದಲ ಎಬ್ಬಿಸುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಟೇಪು ಹಿಡಿದು ಅಳೆದರೆ ಮೊಬೈಲ್ ನಂಬರಿನ ಎತ್ತರ ಮೂರು ಸೆಂಟಿಮೀಟರ್.

ಮೂರು ಸೆಂಟಿಮೀಟರ್ ಎಷ್ಟು ದೂರಕ್ಕೆ ಕಾಣುತ್ತದೆ? ಇದಕ್ಕೆ ಒಳ್ಳೆಯ ಅಳತೆಗೋಲು ಬ್ರಿಟನ್ನಿನ ಡ್ರೈವಿಂಗ್ ಪರೀಕ್ಷೆಯಲ್ಲಿದೆ. ಅಲ್ಲಿ ಲೈಸೆನ್ಸ್ ಬೇಕಾದವರು 20 ಮೀಟರ್ ದೂರ ನಿಂತಿರುವ ಕಾರಿನ ನಂಬರ್ ಪ್ಲೇಟ್ ಓದಿ ತೋರಿಸಬೇಕು. ಆ ಪ್ಲೇಟಿನ ಅಕ್ಷರಗಳ ಎತ್ತರ 79 ಮಿಲಿಮೀಟರ್. ಗಾಡಿ ಓಡಿಸಲು ಯೋಗ್ಯವೆನ್ನುವಷ್ಟು ಕಣ್ಣಿದ್ದವರಿಗೆ ಒಂದು ಸೆಂಟಿಮೀಟರ್ ಎತ್ತರದ ಅಕ್ಷರ ಸುಮಾರು ಎರಡೂವರೆ ಮೀಟರಿನವರೆಗೆ ಓದಲು ಸಿಗುತ್ತದೆ ಎಂದು ಇದರಿಂದ ಲೆಕ್ಕ ಹಾಕಬಹುದು. ಅಕ್ಕನ ಮೂರು ಸೆಂಟಿಮೀಟರ್ ನಂಬರು ಏಳೂವರೆ ಮೀಟರಿಗೆ ಮುಗಿಯಿತು. ಅದೂ ಹಗಲು ಬೆಳಕಿರಬೇಕು, ಇಬ್ಬರೂ ನಿಂತಿರಬೇಕು, ಅಕ್ಷರ ಸ್ವಚ್ಛವಾಗಿರಬೇಕು. ನಮ್ಮ ರಸ್ತೆಯ ಹಂಪು, ಗುಂಡಿ, ಹೆಲ್ಮೆಟ್ಟಿನ ಗೀರು ಬಿದ್ದ ಗಾಜು, ಧೂಳು ಎಲ್ಲ ಸೇರಿದರೆ ಅದರಲ್ಲಿ ಅರ್ಧ ಉಳಿದರೆ ಹೆಚ್ಚು. ಓಡುವ ಆಟೊವನ್ನು ಅಷ್ಟು ಹತ್ತಿರದಿಂದ ಹಿಂಬಾಲಿಸುವವರಿಗೆ ಹಿಟ್ಟಿಗಿಂತ ಮೊದಲು ಆಸ್ಪತ್ರೆ ಬೇಕಾಗುತ್ತದೆ.

ಎತ್ತರ ಒಂದು ಮಾತಾಯಿತು, ಸಮಯ ಇನ್ನೊಂದು. ಎದುರಿನಿಂದ ಬರುವವನೂ ನಮ್ಮ ಆಟೊವೂ ಗಂಟೆಗೆ 40 ಕಿಲೊಮೀಟರ್ ವೇಗದಲ್ಲಿದ್ದರೆ ಇಬ್ಬರ ನಡುವಿನ ದೂರ ಸೆಕೆಂಡಿಗೆ 22 ಮೀಟರ್ ಕರಗುತ್ತದೆ. ಅಂಕಿ 30 ಮೀಟರಿನಿಂದ ಕಂಡರೂ ಒಂದೂಕಾಲು, ಒಂದೂವರೆ ಸೆಕೆಂಡಿನಲ್ಲಿ ಗಾಡಿ ದಾಟಿಹೋಗಿರುತ್ತದೆ. ನಿಮ್ಮದೇ ನಂಬರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ, ಮೂರು ಸೆಕೆಂಡಾದರೂ ಬೇಕು. ಆದ್ದರಿಂದ ಗಾಡಿಯ ಮುಂಭಾಗದಲ್ಲಿ ಫೋನ್ ನಂಬರ್ ಬರೆಸುವುದು ವ್ಯರ್ಥ. ಅಲ್ಲಿ ವ್ಯಾಪಾರದ ಹೆಸರೊಂದಿದ್ದರೆ ಸಾಕು.

ಹಿಂದೆ ಬರುವವನ ಕಥೆ ಬೇರೆ. ಅವನೂ ನಾವೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋಗುತ್ತಿರುತ್ತೇವೆ. ಅವನ ಕಣ್ಣಿಗೆ ನಮ್ಮ ಹಿಂಬಾಗಿಲು ನಿಂತೇ ಇದೆ. ಸಿಗ್ನಲ್ಲಿನಲ್ಲಂತೂ ನಿಜವಾಗಿಯೇ ನಿಂತಿರುತ್ತದೆ. ಬೆಂಗಳೂರಿನ ಟ್ರಾಫಿಕ್ಕನ್ನು ನಾವೆಲ್ಲ ಶಪಿಸುತ್ತೇವೆ, ಆದರೆ ಗಾಡಿ ಮೇಲೆ ನಂಬರು ಬರೆಸಿದವನಿಗೆ ಅದರಷ್ಟು ಉಪಕಾರಿ ಮತ್ತೊಂದಿಲ್ಲ. ನೂರಿಪ್ಪತ್ತು ಸೆಕೆಂಡಿನ ಕೆಂಪು ದೀಪದ ಮುಂದೆ ಮನುಷ್ಯ ನೋಡಲು ಏನಾದರೊಂದು ಸಿಕ್ಕರೆ ಸಾಕೆಂದು ಕಾಯುತ್ತಿರುತ್ತಾನೆ. ಹಿಂದಿನ ಆಸನದಲ್ಲಿ ಕೂತವರು ಫೋನ್ ತೆಗೆದು ಫೋಟೊ ಹೊಡೆದುಕೊಳ್ಳುವುದೂ ಅಲ್ಲೇ. ಹೀಗಾಗಿ ನಂಬರಿನ ಜಾಗ ಹಿಂಬಾಗಿಲು. ಖರ್ಚು, ಗಮನ, ಚರ್ಚೆ ಎಲ್ಲವೂ ಮೊದಲು ಅಲ್ಲಿಗೆ ಹೋಗಬೇಕು.

ನಾವು ಹಳೆಯ ಸ್ಟಿಕರ್ ಕಿತ್ತು ಹೊಸದಾಗಿ ಶುರು ಮಾಡಿದೆವು. ಬಾಗಿಲಿಗೆ ಎರಡು ರೆಕ್ಕೆ, ಒಟ್ಟು ಅಗಲ ನಾಲ್ಕು ಅಡಿ, ಎತ್ತರ ಮೂರೂವರೆ ಅಡಿ. ನಡುವೆ ಬಿರುಕು, ಅದರ ಪಕ್ಕ ಚಿಲಕದ ಸರಳು, ಎರಡೂ ಅಂಚಿಗೆ ಕೀಲುಗಳು. ಮೊದಲಿನ ಸ್ಟಿಕರಿನಲ್ಲಿ ಒಂದು ಅಂಕಿ ಸರಿಯಾಗಿ ಆ ಬಿರುಕಿನ ಮೇಲೆ ಬಿದ್ದು ಎರಡು ಹೋಳಾಗಿತ್ತು, ಇನ್ನೊಂದು ಚಿಲಕದ ಹಿಂದೆ ಅಡಗಿತ್ತು. ಕಂಪ್ಯೂಟರಿನ ಪರದೆಯಲ್ಲಿ ಬಾಗಿಲು ಚಪ್ಪಟೆ ಚೌಕವಾಗಿರುತ್ತದೆ, ಅಲ್ಲಿ ಚಿಲಕ ಇರುವುದಿಲ್ಲ. ಹಾಗಾಗಿ ಬಾಗಿಲಿನ ಫೋಟೊ ತೆಗೆದು, ಚಿಲಕ, ಕೀಲು, ದೀಪ, ನಂಬರ್ ಪ್ಲೇಟು ಎಲ್ಲೆಲ್ಲಿವೆ ಎಂದು ಅಳೆದು, ಆ ಅಳತೆಯನ್ನು ಸ್ಟಿಕರ್ ಅಂಗಡಿಗೆ ಕೊಟ್ಟೆವು.

ಕೀಲು, ಚಿಲಕ ಬಿಟ್ಟರೆ ಪ್ರತಿ ರೆಕ್ಕೆಯಲ್ಲಿ ಉಳಿದದ್ದು ಸುಮಾರು 50 ಸೆಂಟಿಮೀಟರ್. ಮೊಬೈಲ್ ನಂಬರಿಗೆ ಹತ್ತು ಅಂಕಿ. ಎಡರೆಕ್ಕೆಗೆ ಐದು, ಬಲರೆಕ್ಕೆಗೆ ಐದು ಹಂಚಿದರೆ ನಡುವಿನ ಬಿರುಕೇ ಬಿಡುವಿನ ಕೆಲಸ ಮಾಡುತ್ತದೆ. ನಾವು ನಂಬರು ಹೇಳುವಾಗಲೂ ಐದು ಹೇಳಿ ಉಸಿರು ತೆಗೆದುಕೊಂಡು ಉಳಿದ ಐದು ಹೇಳುವವರೇ ಹೆಚ್ಚು. ಮನಸ್ಸು ಒಂದೇ ಸಲಕ್ಕೆ ಹಿಡಿದುಕೊಳ್ಳುವುದು ಏಳು, ಹೆಚ್ಚೆಂದರೆ ಒಂಬತ್ತು ಅಂಶಗಳನ್ನು ಎಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲೇ ಬರೆದಿದ್ದರು. ಗುಂಪು ಮಾಡಿ ಕೊಟ್ಟರೆ ಅದು ಹೆಚ್ಚು ಹಿಡಿದುಕೊಳ್ಳುತ್ತದೆ ಎಂಬುದೂ ಅವರದೇ ಮಾತು. ಬಿಡುವಿಲ್ಲದ ಹತ್ತಂಕಿಯ ಸಾಲನ್ನು ಸ್ಕೂಟರ್ ಮೇಲೆ ಕೂತವನು ನೆನಪಿಡಲಾರ. ನಂಬರಿನ ಹಿಂದೆ ಮುಂದೆ ‘ಮೊ:’, ‘ಸಂಪರ್ಕಿಸಿ’, ‘+91’ ಯಾವುದೂ ಬೇಡ. ಹತ್ತಂಕಿ ಕಂಡರೆ ಅದು ಫೋನ್ ನಂಬರೆಂದು ಎಲ್ಲರಿಗೂ ಗೊತ್ತು. ಎರಡನೆಯ ನಂಬರನ್ನು ತೆಗೆಸಲು ಮಾತ್ರ ಭಾವ ಎರಡು ದಿನ ಒಪ್ಪಲಿಲ್ಲ, ಏಕೆಂದರೆ ಅದು ಅವರದು.

ಐವತ್ತು ಸೆಂಟಿಮೀಟರಿನಲ್ಲಿ ಐದು ಅಂಕಿ ಬಿಡಿಬಿಡಿಯಾಗಿ ಕೂತರೆ ಪ್ರತಿಯೊಂದರ ಎತ್ತರ 12 ಸೆಂಟಿಮೀಟರ್ ಬರುತ್ತದೆ. ನಮ್ಮ ಲೆಕ್ಕದಲ್ಲಿ ಇದು 30 ಮೀಟರಿಗೆ ಕಾಣಬೇಕು. ಗುಂಡಿ, ಧೂಳಿಗೆ ಅರ್ಧ ಕಳೆದರೂ 15 ಮೀಟರ್ ಉಳಿಯಿತು. ಊರೊಳಗೆ ಹಿಂದೆ ಬರುವವನು ಇರುವುದು ಅಷ್ಟರೊಳಗೇ.

ಅಂಕಿಯ ಗೆರೆ ಎಷ್ಟು ದಪ್ಪ ಇರಬೇಕು, ನಡುವೆ ಎಷ್ಟು ಜಾಗ ಬಿಡಬೇಕು ಎನ್ನುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ಪ್ರತಿ ಗಾಡಿಯ ಹಿಂದೆಯೂ ಒಂದು ಮಾದರಿ ತೂಗುತ್ತಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರು, ವ್ಯಾನು, ಲಾರಿಗಳ ನಂಬರ್ ಪ್ಲೇಟಿನ ಅಕ್ಷರ 65 ಮಿಲಿಮೀಟರ್ ಎತ್ತರ, ಗೆರೆ 10 ಮಿಲಿಮೀಟರ್ ದಪ್ಪ, ಅಕ್ಷರಗಳ ನಡುವೆ 10 ಮಿಲಿಮೀಟರ್ ಬಿಡುವು. ಅಂದರೆ ಎತ್ತರದ ಆರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ನಮ್ಮ 12 ಸೆಂಟಿಮೀಟರಿನ ಅಂಕಿಗೆ ಸುಮಾರು ಎರಡು ಸೆಂಟಿಮೀಟರ್ ಗೆರೆ. ಇದಕ್ಕಿಂತ ತೆಳುವಾದರೆ ದೂರಕ್ಕೆ ಕರಗುತ್ತದೆ, ದಪ್ಪವಾದರೆ 6, 8, 9ರ ಹೊಟ್ಟೆ ಮುಚ್ಚಿ ಮೂರೂ ಒಂದೇ ಕಪ್ಪು ಮುದ್ದೆಯಾಗುತ್ತವೆ. ಅಕ್ಕನ ನಂಬರಿನ ಕೊನೆಯಲ್ಲಿ 668 ಇದೆ. ಹಳೆಯ ಸ್ಟಿಕರಿನ ನೆರಳು, ಅಂಚುಗಳ ನಡುವೆ ಅದು ಯಾರಿಗೆ 888, ಯಾರಿಗೆ 688 ಆಗಿ ಕಂಡಿತ್ತೋ. ಹಾಗೆ ಓದಿಕೊಂಡವರ ಕರೆ ಬೇರೆ ಯಾರ ಮನೆಗೋ ಹೋಗಿರುತ್ತದೆ.

ಕನ್ನಡ ಅಕ್ಷರದ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಇಂಗ್ಲಿಷಿನ ದೊಡ್ಡಕ್ಷರ 12 ಸೆಂಟಿಮೀಟರ್ ಎಂದರೆ ಪೂರ್ತಿ 12. ಕನ್ನಡದಲ್ಲಿ ತಲೆಯ ಮೇಲೆ ಗುಣಿಸು, ಕಾಲ ಕೆಳಗೆ ಒತ್ತು. ‘ಲಕ್ಷ್ಮೀ’ ಎಂದು ಬರೆದು ಕಂಪ್ಯೂಟರಿನಲ್ಲಿ ಎತ್ತರ 12 ಎಂದು ಒತ್ತಿದರೆ ಆ ಹನ್ನೆರಡರಲ್ಲಿ ಒತ್ತಕ್ಷರಗಳ ಪಾಲೂ ಸೇರಿರುತ್ತದೆ. ‘ಲ’ ಎಂಬ ಅಕ್ಷರದ ಮೈಗೆ ದಕ್ಕುವುದು ಹೆಚ್ಚುಕಡಿಮೆ ಅರ್ಧ. ಒತ್ತು ಅದಕ್ಕಿಂತಲೂ ಚಿಕ್ಕದು, ಮೊದಲು ಮಾಯವಾಗುವುದೇ ಅದು. ಬ ಮತ್ತು ಭ, ದ ಮತ್ತು ಧ, ಪ ಮತ್ತು ಷ ಇವುಗಳ ವ್ಯತ್ಯಾಸವೆಲ್ಲ ಒಂದು ಸಣ್ಣ ಗೀಟಿನಲ್ಲಿದೆ. ಇಪ್ಪತ್ತು ಮೀಟರ್ ಆಚೆಯಿಂದ ಆ ಗೀಟು ಇಲ್ಲ. ಆದ್ದರಿಂದ ಅಂಗಡಿಯವರಿಗೆ ಹೇಳುವಾಗ ‘ಒತ್ತು ಬಿಟ್ಟು ಅಕ್ಷರದ ಮೈ ಇಷ್ಟಿರಲಿ’ ಎಂದು ಹೇಳಬೇಕು.

ಇಲ್ಲಿಂದಲೇ ನಾವು ‘ಶ್ರೀ ಲಕ್ಷ್ಮೀವೆಂಕಟೇಶ್ವರ ಫುಡ್ ಪ್ರಾಡಕ್ಟ್ಸ್’ ಅನ್ನು ಏನು ಮಾಡುವುದು ಎಂಬ ಕಷ್ಟದ ಪ್ರಶ್ನೆಗೆ ಬಂದೆವು. ಮನೆದೇವರ ಹೆಸರು, ತೆಗೆಯಲಾಗದು. ಆದರೆ ದಾರಿಯಲ್ಲಿ ಹೋಗುವವನಿಗೆ ಈ ಗಾಡಿಯಲ್ಲಿ ಏನು ಸಿಗುತ್ತದೆ ಎಂಬುದು ಆ ಹೆಸರಿನಿಂದ ತಿಳಿಯುವುದಿಲ್ಲ. ಕೊನೆಗೆ ಅಕ್ಕನೇ ತೀರ್ಮಾನ ಕೊಟ್ಟಳು: ‘ದೇವರ ಹೆಸರು ಮೇಲಿರಲಿ, ಚಿಕ್ಕದಾಗಿರಲಿ. ದೇವರು ಕನ್ನಡಕ ಹಾಕಿಕೊಂಡು ಓದ್ತಾನಾ?’ ಎಡರೆಕ್ಕೆಯಲ್ಲಿ ‘ದೋಸೆ’, ಬಲರೆಕ್ಕೆಯಲ್ಲಿ ‘ಹಿಟ್ಟು’, ಮೈ 14 ಸೆಂಟಿಮೀಟರ್. ಅದರ ಕೆಳಗೆ ನಂಬರು. ಐದು ಬಗೆಯ ಪಟ್ಟಿ, ವಿಳಾಸ, ಇ-ಮೇಲ್ ಹೋದವು. ಮಸಾಲೆ ದೋಸೆಯ ಫೋಟೊ ಕೂಡ ಹೋಯಿತು. ಎದುರಿಗೆ ನಿಂತರೆ ಬಾಯಲ್ಲಿ ನೀರೂರಿಸುತ್ತಿದ್ದ ಅದು ದೂರದಿಂದ ಒಂದು ಕಂದು ಕಲೆ, ಅಷ್ಟೆ.

ಬಾಗಿಲಿನ ಕೆಳಗಿನ ಒಂದು ಅಡಿಯನ್ನು ಖಾಲಿ ಬಿಟ್ಟೆವು. ಮಳೆಗಾಲದಲ್ಲಿ ಚಕ್ರ ಎರಚುವ ಕೆಸರು ಬೀಳುವುದು ಅಲ್ಲಿ. ಸಿಗ್ನಲ್ಲಿನಲ್ಲಿ ಹಿಂದಿನ ಬೈಕಿನ ಹ್ಯಾಂಡಲ್ಲು ಮುಚ್ಚುವುದೂ ಅದನ್ನೇ. ನಂಬರು ನೆಲದಿಂದ ನಾಲ್ಕೂವರೆ ಅಡಿಗೆ ಬಂದು, ಸ್ಕೂಟರ್ ಓಡಿಸುವವರ ಕಣ್ಣಿನ ಮಟ್ಟಕ್ಕೆ ಸಮೀಪ ಕೂತಿತು.

ಬಣ್ಣಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಬಾಡಿ ಬಿಳಿ, ಅಕ್ಷರ ಕಡುನೀಲಿ. ಕಣ್ಣು ಅಕ್ಷರವನ್ನು ಹಿಡಿಯುವುದು ಬಣ್ಣದ ಚೆಂದದಿಂದಲ್ಲ, ಹಿನ್ನೆಲೆ ಮತ್ತು ಅಕ್ಷರದ ನಡುವಿನ ಬೆಳಕು–ಕತ್ತಲೆಯ ಅಂತರದಿಂದ. ಹಸಿರಿನ ಮೇಲೆ ಕೆಂಪು ಹತ್ತಿರದಿಂದ ಕಣ್ಣಿಗೆ ಹೊಡೆಯುತ್ತದೆ, ದೂರದಿಂದ ಎರಡೂ ಒಂದೇ ಮಬ್ಬು. ಕೆಂಪಿಗೆ ಇನ್ನೆರಡು ದೋಷಗಳಿವೆ. ಮುಸ್ಸಂಜೆಯ ಮಬ್ಬಿನಲ್ಲಿ ಕಣ್ಣಿಗೆ ಮೊದಲು ಕಪ್ಪಾಗಿ ಕಾಣತೊಡಗುವ ಬಣ್ಣ ಅದು, ಬಿಸಿಲಿಗೆ ಬೇಗ ಮಾಸುವವುಗಳಲ್ಲೂ ಒಂದು. ನಿಮ್ಮ ಬಣ್ಣದ ಆಯ್ಕೆ ಸರಿಯಿದೆಯೇ ಎಂದು ನೋಡಲು ಡಿಸೈನಿನ ಫೋಟೊವನ್ನು ಫೋನಿನಲ್ಲಿ ಕಪ್ಪು–ಬಿಳುಪು ಮಾಡಿ. ಅಕ್ಷರ ಹಿನ್ನೆಲೆಯಲ್ಲಿ ಮುಳುಗಿದರೆ ಆ ಜೋಡಿ ಬೇಡ.

ಅಂಟಿಸುವ ಮೊದಲು ಮಾಡಿದ ಇನ್ನೊಂದು ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನಾಲ್ಕು ಅಡಿ ಬಾಗಿಲು 30 ಮೀಟರ್ ದೂರದಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೋ, ನಾಲ್ಕು ಸೆಂಟಿಮೀಟರ್ ಅಗಲದ ಚೀಟಿ ಒಂದು ಮೀಟರ್ ದೂರದಲ್ಲಿ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಅಂದರೆ ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದು. ಹಳೆಯ ಡಿಸೈನು, ಹೊಸ ಡಿಸೈನು ಎರಡನ್ನೂ ಆ ಅಳತೆಗೆ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದೆ. ಪಕ್ಕದ ಮನೆಯ ಅಜ್ಜಿಯನ್ನು ಕರೆದು ಒಂದು ಮೀಟರ್ ದೂರ ನಿಲ್ಲಿಸಿ, ಕೈಯಿಂದ ಮುಚ್ಚಿದ್ದನ್ನು ಎಣಿಸಿ ಮೂರು ಸೆಕೆಂಡು ತೆರೆದೆ. ಹಳೆಯದನ್ನು ನೋಡಿ ಅಜ್ಜಿ, ‘ಏನೋ ಮದುವೆ ಕಾಗದ ಇದ್ದ ಹಾಗಿದೆ’ ಎಂದರು. ಹೊಸದನ್ನು ನೋಡಿ ‘ದೋಸೆ ಹಿಟ್ಟು’ ಎಂದು ಓದಿ, ನಂಬರಿನಲ್ಲಿ ಮೊದಲ ಐದು ಅಂಕಿ ಹೇಳಿದರು. ಭಾವನ ವಿರೋಧ ಮುಗಿದದ್ದು ಅಲ್ಲಿಗೆ.

ಸ್ಟಿಕರ್ ಅಂಗಡಿಯಲ್ಲಿ ಎರಡು ಕಡೆ ಕಣ್ಣಿಟ್ಟಿರಬೇಕು. ಒಂದು, ಫಾಂಟು. ನೀವು ವಾಟ್ಸ್ಆ್ಯಪಿನಲ್ಲಿ ಕಳಿಸಿದ ಕನ್ನಡವನ್ನು ಅವರು ಹಳೆಯ ಸಾಫ್ಟ್‌ವೇರಿಗೆ ಹಾಕಿದಾಗ ಒತ್ತಕ್ಷರ ಬಿಡಿಸಿಕೊಂಡು ‘ಹಿಟ್ಟು’ ಎನ್ನುವುದು ‘ಹಿಟ್‌ಟು’ ಆಗಿ ಕೂರಬಹುದು. ಕತ್ತರಿಸುವ ಮೆಷಿನ್ನಿಗೆ ಕಳಿಸುವ ಮೊದಲು ಪರದೆಯ ಮೇಲೆ ಒಂದೊಂದೇ ಅಕ್ಷರ ಓದಿ, ಆಮೇಲೆ ಕರ್ವ್ಸ್ ಮಾಡಿಸಿ. ಇನ್ನೊಂದು, ಮಾಲು. ಬಣ್ಣದ ಪ್ರಿಂಟಿಗಿಂತ, ಮೈಯೆಲ್ಲ ಒಂದೇ ಬಣ್ಣವಿರುವ ವಿನೈಲಿನಿಂದ ಕತ್ತರಿಸಿದ ಅಕ್ಷರ ಬಿಸಿಲಿಗೆ ಹೆಚ್ಚು ಬಾಳುತ್ತದೆ. ಅಗ್ಗದ ವಿನೈಲು ಒಂದೆರಡು ಬೇಸಿಗೆಯಲ್ಲಿ ಮುದುಡಿ ಅಂಚು ಎತ್ತುತ್ತದೆ, ಎದ್ದ ಅಂಚಿಗೆ ಧೂಳು ಮೆತ್ತಿ ಅಕ್ಷರಕ್ಕೆ ಕಪ್ಪು ಮೀಸೆ ಬರುತ್ತದೆ. ಅಂಟಿಸುವ ಮೊದಲು ತಗಡನ್ನು ಸ್ಪಿರಿಟ್ಟಿನಲ್ಲಿ ಒರೆಸದಿದ್ದರೆ ಒಳ್ಳೆಯ ವಿನೈಲೂ ಏಳುತ್ತದೆ. ಬಾಡಿ ಏಣುಏಣಾದ ತಗಡಿನದಾಗಿದ್ದರೆ ಸ್ಟಿಕರ್ ಮರೆತು ಪೇಂಟರ್ ಒಬ್ಬರನ್ನು ಹುಡುಕಿ.

ರಾತ್ರಿ ಓಡುವ ಗಾಡಿಗೆ ಬೆಳಕು ಹಿಂತಿರುಗಿಸುವ ರೇಡಿಯಂ ಹಾಕಿಸಬಹುದು, ಆದರೆ ಹೊಳೆಯುವುದು ಅಕ್ಷರವೋ ಹಿನ್ನೆಲೆಯೋ ಯಾವುದಾದರೂ ಒಂದಿರಲಿ. ಎರಡೂ ಹೊಳೆದರೆ ಹೆಡ್‌ಲೈಟ್ ಬಿದ್ದಾಗ ಬಾಗಿಲೇ ಒಂದು ಟ್ಯೂಬ್‌ಲೈಟ್. ಗೂಡ್ಸ್ ಗಾಡಿಯ ಹಿಂದಿನ ಕೆಂಪು, ಬದಿಯ ಹಳದಿ ಹೊಳೆಯುವ ಪಟ್ಟಿಗಳು ಸುರಕ್ಷತೆಗೆ ಹಾಕಿದವು, ಅವುಗಳನ್ನೂ ನಂಬರ್ ಪ್ಲೇಟನ್ನೂ ಮುಚ್ಚಬಾರದು. ಓಮ್ನಿ, ಈಕೊದಂಥ ಗಾಜಿರುವ ವ್ಯಾನಾದರೆ ಹಿಂದಿನ ಗಾಜಿಗೆ ಸ್ಟಿಕರ್ ಹೊದಿಸಲು ಹೋಗಬೇಡಿ. ಗಾಜಿನ ಫಿಲ್ಮುಗಳನ್ನು ಸುಪ್ರೀಂ ಕೋರ್ಟ್ 2012ರಲ್ಲಿ ನಿಷೇಧಿಸಿತ್ತು. ಗಾಡಿಯ ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುವುದರಿಂದ, ಮೈಪೂರ್ತಿ ಹೊದಿಸುವ ಮುನ್ನ ಆರ್‌ಟಿಒದಲ್ಲಿ ಕೇಳಿ ಮುಂದುವರಿಯುವುದು ಮೇಲು.

ಪ್ಯಾಸೆಂಜರ್ ಆಟೊಗೆ ಈ ಲೆಕ್ಕ ಅರ್ಧ ಮಾತ್ರ ಒಪ್ಪುತ್ತದೆ. ಅದರ ಬೆನ್ನಿನ ಮೇಲ್ಭಾಗ ರೆಕ್ಸಿನ್, ಮಡಿಕೆ ಬೀಳುತ್ತದೆ, ವಿನೈಲು ನಿಲ್ಲುವುದಿಲ್ಲ, ಅಲ್ಲಿ ಪೇಂಟೋ ಹೊಲಿಗೆಯೋ ಆಗಬೇಕು. ಕೆಳಗಿನ ತಗಡಿನಲ್ಲಿ ಎಂಜಿನ್ನಿನ ಗಾಳಿಕಿಂಡಿ, ನಂಬರ್ ಪ್ಲೇಟು. ಉಳಿದ ಜಾಗದಲ್ಲಿ ಮಕ್ಕಳ ಹೆಸರು, ಮನೆದೇವರು, 1980ರ ‘ಆಟೋ ರಾಜ’ದಿಂದ ಇಂದಿನವರೆಗೂ ಇಳಿಯದ ಶಂಕರ್‌ನಾಗ್. ಶಂಕರಣ್ಣನನ್ನು ಇಳಿಸಿ ಫೋನ್ ನಂಬರ್ ಹಾಕಿ ಎಂದು ಆಟೊದವರಿಗೆ ಹೇಳುವ ಧೈರ್ಯ ನನಗಿಲ್ಲ. ಚಿತ್ರದ ಕೆಳಗೆ ಒಂದೇ ಸಾಲು, ಮೈ ಬಣ್ಣಕ್ಕೆ ಎದುರಾದ ಬಣ್ಣದಲ್ಲಿ, ಸಿಕ್ಕಷ್ಟು ದೊಡ್ಡದು. ಅಷ್ಟು ಸಾಕು.

ಬದಿಗಳಲ್ಲಿ ಏನು ಬರೆಯಬೇಕು ಎನ್ನುವುದು ಸುಲಭ. ನಾವು ಎಡಕ್ಕೆ ನಿಲ್ಲಿಸುವವರು, ಆದ್ದರಿಂದ ಗಾಡಿಯ ಎಡಬದಿ ಫುಟ್‌ಪಾತಿನ ಜನರದು, ಅಂಗಡಿಯವರದು. ಅವರಿಗೆ ಓದಲು ಸಮಯವಿದೆ. ಹಿಂಬಾಗಿಲಿನಿಂದ ಹೊರದಬ್ಬಿದ ಹಿಟ್ಟಿನ ಪಟ್ಟಿ, ವಿಳಾಸ, ಭಾವನ ನಂಬರು ಎಲ್ಲ ಅಲ್ಲಿ ಹೋಗಿ ಕೂತವು. ಕ್ಯೂಆರ್ ಕೋಡ್ ಹಾಕುವುದಿದ್ದರೂ ಅಲ್ಲೇ. ಕೋಡಿನ ಅಗಲದ ಹತ್ತು ಪಟ್ಟು ದೂರದವರೆಗೆ ಫೋನ್ ಅದನ್ನು ಹಿಡಿಯುತ್ತದೆ ಎಂಬುದು ರೂಢಿಯ ಲೆಕ್ಕ, ಅಂದರೆ 20 ಸೆಂಟಿಮೀಟರ್ ಕೋಡಿಗೆ ಎರಡು ಮೀಟರ್. ಓಡುವ ಗಾಡಿಯ ಬೆನ್ನಿಗೆ ಅದು ಬರೀ ಅಲಂಕಾರ. ಬಲಬದಿಯಲ್ಲಿ ಹಿಂದಿಕ್ಕಿ ಹೋಗುವವರು ಓರೆಯಾಗಿ ನೋಡುವುದರಿಂದ ಅಕ್ಷರಗಳು ಒತ್ತಿಕೊಂಡು ಕಾಣುತ್ತವೆ, ಅಲ್ಲಿ ‘ದೋಸೆ ಹಿಟ್ಟು’ ಎಂದು ಅಗಲವಾಗಿ ಬರೆಸಿದೆವು.

ಕೊನೆಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ದೊಡ್ಡ ಅಂಕಿಗಳನ್ನು ಅಂಗಡಿಯವರು ಒಂದೊಂದಾಗಿ ಕತ್ತರಿಸಿ ಅಂಟಿಸುತ್ತಾರೆ. ಬಿಸಿಲಲ್ಲಿ ಕೂತು ಅಂಟಿಸುವ ಹುಡುಗನ ಕೈಯಲ್ಲಿ 6 ತಲೆಕೆಳಗಾದರೆ 9. ನಮ್ಮ ಗಾಡಿಯಲ್ಲೂ ಹಾಗೆಯೇ ಆಗಿ, 668 ಎನ್ನುವುದು 698 ಆಗಿ ಕೂತಿತ್ತು. ಗೋಂದು ಒಣಗುವ ಮೊದಲೇ ಗೊತ್ತಾಯಿತು, ಏಕೆಂದರೆ ದುಡ್ಡು ಕೊಡುವ ಮುನ್ನ ಅಕ್ಕ ಆ ಹುಡುಗನ ಫೋನ್ ಇಸಿದುಕೊಂಡು, ನೆನಪಿನಿಂದಲ್ಲ, ಬಾಗಿಲಿನ ಮೇಲಿದ್ದದ್ದನ್ನೇ ಒಂದೊಂದಾಗಿ ನೋಡಿ ಒತ್ತಿದಳು. ಅವಳ ಸೀರೆಯ ಸೆರಗಿನಲ್ಲಿದ್ದ ಫೋನು ಸದ್ದು ಮಾಡಲಿಲ್ಲ. ನೀವೂ ದುಡ್ಡು ಕೊಡುವ ಮುನ್ನ ಹಾಗೊಮ್ಮೆ ಒತ್ತಿ ನೋಡಿ.